ನೈಋತ್ಯ ಮೂಲೆಯ ಬಾಗಿಲು

ನನ್ನ ಗಂಡ ಯಾರ ಹೆಗಲನ್ನೂ ಹಿಡಿಯದೆ ಮನೆಯಿಂದ ಹೊರಗೆ ಹೋಗಿಬರಬಹುದಾಗಿದ್ದ ಒಂದೇ ಬಾಗಿಲನ್ನು, ನಮಗೆ ಒಂದು ಮಾತೂ ತಿಳಿಸದೆ, ಇಟ್ಟಿಗೆ ಕಟ್ಟಿ ಸಿಮೆಂಟು ಬಳಿದು ಮುಚ್ಚಿಬಿಟ್ಟರು. ಆ ಬಾಗಿಲು ಇದೆಯೆಂಬ ಒಂದೇ ಕಾರಣಕ್ಕೆ ನಾವು ಆ ಮನೆಯನ್ನು ಬಾಡಿಗೆಗೆ ಒಪ್ಪಿದ್ದೆವು. ಒಪ್ಪುವಾಗ ಅದನ್ನು ಬಾಯಿಬಿಟ್ಟು ಹೇಳಿಯೂ ಇದ್ದೆವು. ನಮಗಾದ ಅನ್ಯಾಯ ಇಷ್ಟೇ. ಇದರಲ್ಲಿ ಕಳ್ಳತನವಿಲ್ಲ, ಹೊಡೆದಾಟವಿಲ್ಲ, ಪೊಲೀಸ್ ಠಾಣೆಗೆ ಒಯ್ಯುವಂಥದ್ದೇನೂ ಇಲ್ಲ. ಮಾಡಿದವರೆಲ್ಲ ನಮ್ಮ ಒಳ್ಳೆಯದಕ್ಕೇ ಮಾಡಿದೆವೆಂದು ಇವತ್ತಿಗೂ ನಂಬಿದ್ದಾರೆ. ಆದ್ದರಿಂದಲೇ ನಡೆದದ್ದನ್ನು ನಡೆದ ಕ್ರಮದಲ್ಲಿ ಬರೆದಿಡಬೇಕೆನ್ನಿಸಿತು. ಕೆಲಸದ ಕಾಲವನ್ನೆಲ್ಲ ಅಂಚೆ ಕಚೇರಿಯ ಕೌಂಟರಿನ ಹಿಂದೆ ಕಳೆದವಳು ನಾನು. ಯಾರು ಯಾವ ಮಾತನ್ನು ಯಾವ ದನಿಯಲ್ಲಿ ಆಡಿದರು ಎಂಬುದು ನನಗೆ ಮರೆಯುವುದಿಲ್ಲ. ಮರೆತಿದ್ದರೆ ನಿದ್ದೆಯಾದರೂ ಬರುತ್ತಿತ್ತೇನೋ.

ನಾವು ಭದ್ರಾವತಿಯವರು. ಜನ್ನಾಪುರದಲ್ಲಿ ಒಂದು ಮನೆಯ ಮಹಡಿಯ ಮೇಲೆ ಬಾಡಿಗೆಗಿದ್ದೆವು. ಕೆಳಗೆ ಮನೆ ಮಾಲೀಕರ ದಿನಸಿ ಅಂಗಡಿ, ಪಕ್ಕದಲ್ಲಿ ನಮಗೆ ಕಡಿದಾದ ಹೊರಮೆಟ್ಟಿಲು. ನನ್ನ ಗಂಡ ಕಾರ್ಖಾನೆಯಲ್ಲಿ ಕ್ರೇನ್ ನಡೆಸುತ್ತಿದ್ದವರು. ನಿವೃತ್ತಿಯಾದ ಮೇಲೂ ಆ ಮೆಟ್ಟಿಲನ್ನು ದಿನಕ್ಕೆ ಎಷ್ಟೋ ಸಲ ಹತ್ತಿಳಿಯುತ್ತಿದ್ದರು; ಹಾಲಿಗೆ, ಪೇಪರಿಗೆ, ಏನೂ ಇಲ್ಲದಿದ್ದರೆ ಬಸ್ ಸ್ಟಾಪಿನಲ್ಲಿ ಹಳೆಯ ಜೊತೆಗಾರರೊಂದಿಗೆ ಹರಟೆಗೆ. ಕಳೆದ ಚಳಿಗಾಲದ ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದವರ ಕೈಯಿಂದ ಬ್ರಷ್ಷು ಜಾರಿತು. ಎತ್ತಿಕೊಳ್ಳಲು ಬಗ್ಗಿದವರು ಮೇಲೇಳಲಿಲ್ಲ. ಲಕ್ವ ಹೊಡೆದಿತ್ತು. ಶಿವಮೊಗ್ಗದ ಆಸ್ಪತ್ರೆಯಿಂದ ಮನೆಗೆ ಬರುವ ಹೊತ್ತಿಗೆ ಮಾತು ಮೊದಲಿನಂತೆ ತಿರುಗಿತ್ತು. ಬಲಗೈ ಮತ್ತು ಬಲಗಾಲು ಮಾತ್ರ ಹೇಳಿದಂತೆ ಕೇಳುತ್ತಿರಲಿಲ್ಲ.

ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು: "ಅಮ್ಮಾ, ಮೊದಲ ಕೆಲವು ತಿಂಗಳೇ ಮುಖ್ಯ. ಫಿಸಿಯೋಥೆರಪಿ ತಪ್ಪಿಸ್ಬೇಡಿ, ದಿನಾ ಹೊರಗೆ ನಡೆಸಿ. ಈಗ ಬರೋ ಶಕ್ತಿ ಆಮೇಲೆ ಅಷ್ಟು ಸುಲಭಕ್ಕೆ ಬರಲ್ಲ." ಆ ಮಾತನ್ನು ಎದೆಯ ಮೇಲೆ ಕಲ್ಲಿಟ್ಟಂತೆ ಹೊತ್ತುಕೊಂಡು ಜನ್ನಾಪುರಕ್ಕೆ ಬಂದೆ. ಅಂಗಡಿಯವರ ಮಗ, ಆಟೋ ಡ್ರೈವರ್ ಸೇರಿ ನನ್ನ ಗಂಡನನ್ನು ಕುರ್ಚಿಯಲ್ಲಿ ಕೂರಿಸಿ ಮೇಲೆ ಹೊತ್ತರು. ಮೇಲೆ ಹೋದವರು ಆಸ್ಪತ್ರೆಗೆ ಹೋಗುವ ದಿನ ಬಿಟ್ಟರೆ ಕೆಳಗೆ ಇಳಿದದ್ದೇ ಅಪರೂಪ. ನಾಲ್ಕು ಕಾಲಿನ ಊರುಗೋಲನ್ನು ಎಡಗೈಯಲ್ಲಿ ಹಿಡಿದು ಹಾಲಿನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಾಲಿಗೆ ನಡೆಯುತ್ತಿದ್ದರು.

"ಟನ್‌ಗಟ್ಲೆ ಕಬ್ಬಿಣ ಎತ್ತಿ ಇಳಿಸ್ದೋನು ಕಣೆ ನಾನು," ಎಂದರು ಒಂದು ದಿನ. "ಈಗ ನನ್ನ ಇಳ್ಸಕ್ಕೆ ಕ್ರೇನ್ ಇಲ್ಲ ನೋಡು ಮಾರಾಯ್ತಿ."

ಶಿವಮೊಗ್ಗದಲ್ಲಿ, ಆಸ್ಪತ್ರೆಗೆ ಹತ್ತಿರದಲ್ಲಿ, ಮೆಟ್ಟಿಲಿಲ್ಲದ ಮನೆ ಹುಡುಕುವುದೆಂದು ಆ ಸಂಜೆ ನಿರ್ಧರಿಸಿದೆವು. ನಮಗೆ ಬೇಕಾದದ್ದು ಹೆಚ್ಚೇನಲ್ಲ. ನೆಲಮಹಡಿಯಾದರೆ ರಸ್ತೆಯಿಂದ ಕೋಣೆಯವರೆಗೆ ಸಮನಾಗಿ ನಡೆದು ಹೋಗುವಂತಿರಬೇಕು. ಮೇಲಿನ ಮಹಡಿಯಾದರೆ ನಂಬಬಹುದಾದ ಲಿಫ್ಟ್ ಇರಬೇಕು. ಫಿಸಿಯೋಥೆರಪಿಯವರು ಮತ್ತು ಒಬ್ಬ ಡಾಕ್ಟರು ನಡೆದು ಹೋಗುವಷ್ಟು ಹತ್ತಿರದಲ್ಲಿರಬೇಕು. ಒಬ್ಬ ಬ್ರೋಕರನನ್ನು ಹಿಡಿದೆ. ಸದಾ ಬೈಕಿನ ಮೇಲೆ ಕುಳಿತೇ ಮಾತಾಡುವ ಮನುಷ್ಯ. ಏನು ಕೇಳಿದರೂ "ಇದೆ ಅಮ್ಮ" ಎನ್ನುವುದು ಅವನ ಅಭ್ಯಾಸ.

ಫೋನಿನಲ್ಲೇ ಬಾಗಿಲು ಹಾಕಿದವರೂ ಇದ್ದಾರೆ. ಗೋಪಾಳದ ಕಡೆಯ ಒಬ್ಬ ಗೃಹಿಣಿ ನಾನು ಮೆಟ್ಟಿಲಿನ ವಿಷಯ ಕೇಳಿದ ಕೂಡಲೇ, "ಯಜಮಾನ್ರಿಗೆ ಹುಷಾರಿಲ್ವಾ?" ಎಂದರು. ಇದ್ದದ್ದನ್ನು ಹೇಳಿದೆ. "ಹಂಗಾದ್ರೆ ಬೇಡ ಬಿಡಿ. ನಾಳೆ ನಕ್ಷತ್ರ ಸರಿ ಇಲ್ದಾಗ ಏನಾದ್ರೂ ಆದ್ರೆ ನಾವು ಮನೆ ಬೀಗ ಹಾಕ್ಕೊಂಡು ಕೂರ್ಬೇಕಾಗುತ್ತೆ." ಮನೆಯಲ್ಲಿ ಸಾವಾದರೆ, ಅದೂ ಕೆಟ್ಟ ನಕ್ಷತ್ರದಲ್ಲಾದರೆ, ತಿಂಗಳುಗಟ್ಟಲೆ ಮನೆ ಬಿಡಬೇಕೆಂಬ ಶಾಸ್ತ್ರ ನನಗೂ ಗೊತ್ತು. ಬದುಕಲೆಂದು ಮನೆ ಹುಡುಕುತ್ತಿದ್ದವಳ ಕಿವಿಗೆ ಅದನ್ನು ಹೇಳುವ ಅಗತ್ಯವಿರಲಿಲ್ಲ. ಪಕ್ಕದಲ್ಲೇ ಕುಳಿತಿದ್ದ ನನ್ನ ಗಂಡನಿಗೆ, "ಮನೆ ಖಾಲಿ ಇಲ್ವಂತೆ" ಎಂದೆ.

ನವುಲೆಯ ಹತ್ತಿರದ ಒಂದು ಅಪಾರ್ಟ್‌ಮೆಂಟಿನಲ್ಲಿ ಲಿಫ್ಟ್ ಇರುವ ಫ್ಲ್ಯಾಟ್ ಇದೆಯೆಂದ ಬ್ರೋಕರ್. ಕೃಷಿ ಕಾಲೇಜಿನ ಕಡೆಯ ಗಾಳಿ ಚೆನ್ನಾಗಿರುತ್ತದೆಂದು ನನ್ನ ಗಂಡನಿಗೂ ಆಸೆಯಾಗಿ, ಅಂಗಡಿಯವರ ಮಗನನ್ನು ಕಾಡಿ ಬೇಡಿ ಇಳಿಸಿಕೊಂಡು, ಕಾರು ಮಾಡಿ ಕರೆದುಕೊಂಡು ಹೋದೆ. ಲಿಫ್ಟ್ ಇತ್ತು, ಓಡುತ್ತಲೂ ಇತ್ತು. ನಾನು ವಾಚ್‌ಮನ್ನನ್ನು ಕರೆದು ಕೇಳಿದೆ.

"ಕರೆಂಟ್ ಹೋದ್ರೆ ಇದು ಏನಾಗುತ್ತೆ?"

"ನಿಲ್ಲುತ್ತೆ ಅಮ್ಮ."

"ಜನರೇಟರ್ ಇದೆ ಅಂದ್ರಲ್ಲ ಇವರು?"

"ಇದೆ. ಅದು ನೀರಿನ ಮೋಟರಿಗೆ, ಮೆಟ್ಲು ಲೈಟಿಗೆ. ಲಿಫ್ಟಿಗೆ ಕೊಟ್ಟಿಲ್ಲ."

"ಒಳಗೆ ಜನ ಇದ್ದಾಗ ನಿಂತ್ರೆ?"

"ನಾನು ಮೇಲೆ ಮಿಷಿನ್ ರೂಮಿಗೆ ಹೋಗಿ ಬ್ರೇಕ್ ಬಿಡಿಸಿ ಕೈಯಲ್ಲಿ ತಿರುಗಿಸ್ತೀನಿ. ನಿಧಾನಕ್ಕೆ ಇಳಿಯುತ್ತೆ."

"ನೀನು ಊಟಕ್ಕೆ ಹೋಗಿದ್ರೆ?" ಎಂದರು ನನ್ನ ಗಂಡ.

"ಬರೋತನಕ ಕಾಯ್ಬೇಕು ಸಾರ್," ಎಂದು ಅವನು ನಕ್ಕ. "ಯಾರೂ ಸತ್ತಿಲ್ಲ ಇಲ್ಲೀತನಕ."

ಕರೆಂಟು ಹೋದಾಗ ಲಿಫ್ಟನ್ನು ಹತ್ತಿರದ ಮಹಡಿಗೆ ತಂದು ಬಾಗಿಲು ತೆರೆಯುವ ಬ್ಯಾಟರಿ ಸಾಧನವೊಂದು ಸಿಗುತ್ತದೆ. ಅದನ್ನು ಹಾಕಿಸಬಾರದೇ ಎಂದು ಅಲ್ಲಿನ ಸಂಘದ ಕಾರ್ಯದರ್ಶಿಯನ್ನು ಕೇಳಿದೆ. ಅವರು ಸ್ಕೂಟರಿನ ಕನ್ನಡಿಯಲ್ಲಿ ಕೂದಲು ಸರಿಮಾಡಿಕೊಳ್ಳುತ್ತ, "ನೀವು ಬಾಡಿಗೆಗೆ ಬರೋರು. ಅದೆಲ್ಲ ಓನರ್ಸ್ ಮೀಟಿಂಗಲ್ಲಿ ಓನರ್ ಕೇಳ್ಬೇಕು" ಎಂದರು, ಮುಖ ತಿರುಗಿಸಿ ನನ್ನನ್ನು ನೋಡಲೂ ಇಲ್ಲ. ಅದಲ್ಲದೆ ಗೇಟಿನಿಂದ ಲಿಫ್ಟಿನ ಬಾಗಿಲಿಗೆ ಹೋಗಲು ಮೊದಲು ಒಂದಿಷ್ಟು ಮೆಟ್ಟಿಲು ಹತ್ತಬೇಕಿತ್ತು. ಮೆಟ್ಟಿಲು ಹತ್ತಲಾರದವರಿಗೆ ಲಿಫ್ಟ್, ಆ ಲಿಫ್ಟಿಗೆ ಮೆಟ್ಟಿಲು. ಕಟ್ಟಿದವರಿಗೆ ಅದು ತೋರಲೇ ಇಲ್ಲವೆಂದರೆ ನಂಬುವುದು ಹೇಗೆ?

"ಅಮ್ಮಾ, ನೀವು ಮನೆ ನೋಡಕ್ಕೆ ಬಂದಿದ್ದೀರೋ, ಇನ್‌ಸ್ಪೆಕ್ಷನ್ನಿಗೆ ಬಂದಿದ್ದೀರೋ?" ಎಂದ ಬ್ರೋಕರ್, ಹೊರಗೆ ಬಂದ ಮೇಲೆ.

"ಎರಡಕ್ಕೂ," ಎಂದೆ.

"ಅವಳು ಅಂಚೆ ಆಫೀಸಿನೋಳು ಕಣಯ್ಯ," ಎಂದರು ನನ್ನ ಗಂಡ. "ವಿಳಾಸ ಸರಿ ಇಲ್ದೆ ಏನನ್ನೂ ಒಳಗೆ ಬಿಡಲ್ಲ."

"ಕ್ಲಿನಿಕ್ ಹತ್ತಿರ" ಎಂಬ ಮಾತಿನ ಹಿಂದೆಯೂ ಏನಿರುತ್ತದೆಂದು ಆ ದಿನಗಳಲ್ಲಿ ತಿಳಿಯಿತು. ದುರ್ಗಿಗುಡಿಯ ಆಸುಪಾಸಿನಲ್ಲಿ ಡಾಕ್ಟರುಗಳ ಫಲಕಗಳಿಗೆ ಕೊರತೆಯಿಲ್ಲ. ಆದರೆ ಹಲವು ಕ್ಲಿನಿಕ್ಕುಗಳು ಮೊದಲ ಮಹಡಿಯಲ್ಲಿ, ಔಷಧಿ ಅಂಗಡಿಯ ಪಕ್ಕದ ಇಕ್ಕಟ್ಟು ಮೆಟ್ಟಿಲಿನ ಮೇಲೆ. ಒಬ್ಬ ಡಾಕ್ಟರು ಸಂಜೆ ಮಾತ್ರ ಸಿಗುತ್ತಾರೆ, ಇನ್ನೊಬ್ಬರ ಕ್ಲಿನಿಕ್ಕಿನಲ್ಲಿ ಕಾಯುವವರಿಗೆ ಒಂದೇ ಒಂದು ಬೆಂಚು. ಹಾಗಾಗಿ ಬ್ರೋಕರ್ "ಇದೆ ಅಮ್ಮ" ಎಂದ ಪ್ರತಿ ಕ್ಲಿನಿಕ್ಕಿಗೂ ನಾನೇ ಮೊದಲು ಹೋಗಿ, ಬಾಗಿಲು ಎಲ್ಲಿದೆ, ಯಾವ ಹೊತ್ತಿಗೆ ತೆರೆಯುತ್ತದೆ, ರಕ್ತಪರೀಕ್ಷೆಗೆ ಮನೆಗೆ ಬರುತ್ತಾರೆಯೇ ಎಂದು ಕೇಳಿಕೊಂಡು ಬರುತ್ತಿದ್ದೆ. ಭದ್ರಾವತಿಯಿಂದ ಬಸ್ಸು, ಇಳಿದು ಬಿಸಿಲಲ್ಲಿ ನಡಿಗೆ, ಮತ್ತೆ ಬಸ್ಸು. ಮನೆಗೆ ಬಂದರೆ ನನ್ನ ಗಂಡ ಕಿಟಕಿಯ ಬಳಿ ಕುಳಿತಿರುತ್ತಿದ್ದರು. "ಸಿಕ್ತಾ?" ಎಂದು ಕೇಳುವುದನ್ನೂ ನಿಲ್ಲಿಸಿ, ನನ್ನ ಚಪ್ಪಲಿ ಬಿಡುವ ಸದ್ದಿನಲ್ಲೇ ಉತ್ತರ ತಿಳಿದುಕೊಳ್ಳುತ್ತಿದ್ದರು.

ಕೊನೆಗೆ ಸಿಕ್ಕಿದ್ದು ಆ ಮನೆ.

ದುರ್ಗಿಗುಡಿಗೆ ದೂರವಿಲ್ಲದ ಒಂದು ಬಡಾವಣೆ, ಎರಡು ರಸ್ತೆಗಳು ಕೂಡುವ ಮೂಲೆಯ ಸೈಟು. ಕೆಳಗೆ ಒಂದು ಫ್ಲ್ಯಾಟು, ಮೇಲೆ ಮಾಲೀಕರ ಸಂಸಾರ. ಮಾಲೀಕರು ಅಡಿಕೆ ಮಂಡಿಯವರು. ಹಣೆಯಲ್ಲಿ ಕುಂಕುಮ, ಮಾತಿನಲ್ಲಿ ವಿನಯ. ಮುಂಬಾಗಿಲು ಪೂರ್ವಕ್ಕೆ, ಈಶಾನ್ಯದ ಮೂಲೆಯಲ್ಲಿ. ಆ ಕಡೆಯ ರಸ್ತೆ ತಗ್ಗಿನಲ್ಲಿದ್ದುದರಿಂದ ಬಾಗಿಲಿಗೆ ಎತ್ತರದ ಮೆಟ್ಟಿಲುಗಳು, ನುಣ್ಣಗೆ ಪಾಲಿಷ್ ಮಾಡಿದ ಗ್ರಾನೈಟು, ಹಿಡಿಯಲು ಕಂಬಿಯಿಲ್ಲ. ಅದನ್ನು ನೋಡಿಯೇ ನಾನು ಹಿಂದಿರುಗಲು ಹೊರಟಿದ್ದೆ. ಆಗ ಮಾಲೀಕರೇ, "ಆ ಕಡೆ ಬನ್ನಿ ಅಮ್ಮಾರೆ, ತೋರಿಸ್ತೀನಿ" ಎಂದು ಪಕ್ಕದ ರಸ್ತೆಗೆ ಕರೆದೊಯ್ದರು. ದಕ್ಷಿಣದ ಆ ರಸ್ತೆ ಏರಿನಲ್ಲಿತ್ತು. ಅಲ್ಲಿ ಕಾರು ನಿಲ್ಲಿಸುವ ಜಾಗ. ಅದರ ಒಳತುದಿಯಲ್ಲಿ, ಮನೆಯ ನೈಋತ್ಯ ಮೂಲೆಗೆ, ಹಾಲಿಗೆ ತೆರೆಯುವ ಒಂದು ಬಾಗಿಲು. ರಸ್ತೆ, ಕಾರಿನ ಜಾಗ, ಹೊಸ್ತಿಲು, ಹಾಲು, ಎಲ್ಲ ಒಂದೇ ಸಮ. ಆಟೋ ಬಂದರೆ ಬಾಗಿಲಿಗೇ ಬಂದು ನಿಲ್ಲಬಹುದು. ಆಂಬುಲೆನ್ಸಿನ ಸ್ಟ್ರೆಚರ್ ಕೂಡ ನೇರ ಒಳಗೆ ಬರುತ್ತದೆ. ಆ ರಸ್ತೆಯ ಎದುರು ಬದಿಯಲ್ಲಿ, ಕೂಗಿದರೆ ಕೇಳುವಷ್ಟು ಹತ್ತಿರ, ನೆಲಮಹಡಿಯಲ್ಲೇ ಒಂದು ಫಿಸಿಯೋಥೆರಪಿ ಕೇಂದ್ರ. ಒಳಗೆ ಹೋಗಿ ವಿಚಾರಿಸಿದೆ. ಬೆಳಿಗ್ಗೆ ಸಂಜೆ ಎರಡು ಹೊತ್ತೂ ತೆರೆದಿರುತ್ತದೆಂದು ಅಲ್ಲಿದ್ದ ಹುಡುಗಿ ಹೇಳಿದಳು. ಔಷಧಿ ಅಂಗಡಿ ಅದೇ ಸಾಲಿನಲ್ಲಿ.

ನಾನು ಮಾಲೀಕರ ಮುಂದೆ ನಿಂತು ಬಿಡಿಸಿ ಹೇಳಿದೆ. "ನೋಡಿ, ನಮಗೆ ಈ ಮನೆ ಬೇಕಾಗಿರೋದು ಈ ಬಾಗಿಲಿಗೋಸ್ಕರ. ಅವರು ಓಡಾಡೋದು ಇದರಲ್ಲೇ. ಮುಂದಿನ ಮೆಟ್ಟಿಲು ಅವರ ಕೈಲಿ ಆಗಲ್ಲ."

"ಅಯ್ಯೋ, ಧಾರಾಳವಾಗಿ ಓಡಾಡ್ಲಿ ಅಮ್ಮಾರೆ," ಎಂದರು ಅವರು. "ನಮ್ಮ ಕಾರೂ ಬೇಕಾದ್ರೆ ಆ ಕಡೆ ಸರಿಸಿ ನಿಲ್ಲಿಸ್ತೀನಿ."

ಬ್ರೋಕರ್ ಬೈಕಿನ ಮೇಲಿಂದ, "ಹೇಳಿರ್ಲಿಲ್ವಾ, ಇದೆ ಅಂತ?" ಎಂದ. ಮಾಲೀಕರು ಹೇಳಿದ್ದು, ಬ್ರೋಕರ್ ಕೇಳಿದ್ದು, ಎರಡೂ ನನ್ನೆದುರಿಗೆ ನಡೆದವು.

ಆಷಾಢ ಇನ್ನೇನು ಹತ್ತಿರ ಬಂದಿತ್ತು. ಆಷಾಢದಲ್ಲಿ ಮನೆ ಬದಲಿಸುವುದು ನಮ್ಮಲ್ಲಿಲ್ಲ. ನಾನು ಶಾಸ್ತ್ರ ಸಂಪ್ರದಾಯಗಳನ್ನು ತಳ್ಳಿಹಾಕುವವಳಲ್ಲ. ಬಾಡಿಗೆ ಮನೆಯಾದರೂ ಹಾಲು ಉಕ್ಕಿಸದೆ ಒಲೆ ಹಚ್ಚಿದವಳಲ್ಲ. ಹಾಗಾಗಿ ಜ್ಯೇಷ್ಠ ಮುಗಿಯುವ ಮೊದಲೇ ಹಾಲು ಉಕ್ಕಿಸಿ, ದೇವರ ದೀಪ ಹಚ್ಚಿ, ಶ್ರಾವಣಕ್ಕೆ ಸಾಮಾನು ಸಾಗಿಸುವುದೆಂದು ಮಾತಾಯಿತು. ಕರಾರುಪತ್ರವೂ ಆಯಿತು. ಜನ್ನಾಪುರದ ಮನೆಯವರಿಗೂ ಹೇಳಿದೆವು. ಅವರು ಶ್ರಾವಣಕ್ಕೆ ಬೇರೆಯವರನ್ನು ಗೊತ್ತುಮಾಡಿಕೊಂಡರು.

ಹಾಲುಕ್ಕಿಸುವ ದಿನ ನಮ್ಮ ಮನೆಗೆ ಬಹಳ ವರ್ಷಗಳಿಂದ ಬರುತ್ತಿದ್ದ ಭದ್ರಾವತಿಯ ಪುರೋಹಿತರನ್ನೇ ಕಾರಿನಲ್ಲಿ ಕರೆದುಕೊಂಡು ಹೋದೆವು. ಕಾರು ದಕ್ಷಿಣದ ಜಾಗದಲ್ಲಿ ನಿಂತಿತು. ನನ್ನ ಗಂಡ ಊರುಗೋಲು ಊರಿ, ಬಲಗಾಲನ್ನು ಎಳೆದುಕೊಂಡು, ತಾವೇ ಬಾಗಿಲ ಹತ್ತಿರ ಹೋದರು. ಮನೆಯ ಹೊರಗೆ, ನೆಲದ ಮೇಲೆ, ಯಾರ ಆಸರೆಯೂ ಇಲ್ಲದೆ ಅವರು ನಡೆದದ್ದನ್ನು ನಾನು ಬಹಳ ದಿನಗಳ ಮೇಲೆ ನೋಡಿದೆ. ಕಾಲು ಹೊಸ್ತಿಲ ಬಳಿಗೆ ಬಂದಿತ್ತು; ಹಿಂದಿನಿಂದ ಪುರೋಹಿತರು, "ನಿಲ್ಲಿ ನಿಲ್ಲಿ" ಎಂದರು.

"ನೈಋತ್ಯದ ಬಾಗಿಲಲ್ಲಿ ಪ್ರವೇಶ ಕೂಡದು. ಪೂರ್ವಕ್ಕೆ ಹೋಗೋಣ. ಕಲಶ ಹಿಡ್ಕೊಂಡು ಬಲಗಾಲಿಟ್ಟು ಒಳಗೆ ಬರ್ಬೇಕು."

"ಅವರ ಕೈಲಿ ಮೆಟ್ಟಿಲು ಆಗಲ್ಲ ಸ್ವಾಮಿ," ಎಂದೆ.

"ಒಂದು ದಿನದ ಮಟ್ಟಿಗೆ ತಾಯಿ. ಯಾರಾದ್ರೂ ಹಿಡ್ಕೊಳ್ಳಿ."

ಒಂದು ದಿನದ ಮಟ್ಟಿಗೆಂದು ಒಪ್ಪಿದೆ. ಮೆಟ್ಟಿಲು ಹತ್ತುವಾಗ ಗಟ್ಟಿಯಿರುವ ಕಾಲು ಮೊದಲು, ಇಳಿಯುವಾಗ ಸೋತ ಕಾಲು ಮೊದಲು ಎಂದು ಆಸ್ಪತ್ರೆಯಲ್ಲಿ ಕಲಿಸಿದ್ದರು. ಆ ಪ್ರಕಾರ ಕಾರಿನ ಡ್ರೈವರ್ ಮತ್ತು ಮಾಲೀಕರು ತೋಳು ಹಿಡಿದು, ಎಡಗಾಲಿನಲ್ಲಿ ಒಂದೊಂದೇ ಮೆಟ್ಟಿಲು ಹತ್ತಿಸಿದರು. ಹೊಸ್ತಿಲ ಬಳಿ ಬಂದಾಗ ಪುರೋಹಿತರು ಒಳಗಿನಿಂದ, "ಬಲಗಾಲು, ಬಲಗಾಲು" ಎಂದರು.

"ಬಲಗಾಲು ರಜೆ ಮೇಲಿದೆ ಭಟ್ರೆ," ಎಂದರು ನನ್ನ ಗಂಡ, ಏದುಸಿರಿನಲ್ಲಿ. "ಎಡಗಾಲೇ ಇನ್‌ಚಾರ್ಜು."

ನಾನು ಬಗ್ಗಿ, ಎರಡೂ ಕೈಯಿಂದ ಅವರ ಬಲಪಾದವನ್ನು ಎತ್ತಿ ಹೊಸ್ತಿಲಿನಾಚೆ ಇಟ್ಟೆ. ಅಷ್ಟು ವರ್ಷ ಆ ಕಾಲಿಗೆ ನಮಸ್ಕಾರ ಮಾಡಿದ್ದೇನೆ, ನೋವಿದ್ದಾಗ ಎಣ್ಣೆ ಹಚ್ಚಿದ್ದೇನೆ. ಒಂದು ಸಾಮಾನನ್ನು ಎತ್ತಿಟ್ಟಂತೆ ಎತ್ತಿಟ್ಟದ್ದು ಅದೇ ಮೊದಲು. ಅವರ ಬೆನ್ನು ಬೆವರಿನಿಂದ ತೊಯ್ದಿತ್ತು. ಹಾಲು ಪೂರ್ವಕ್ಕೆ ಉಕ್ಕಿತು. ಒಳ್ಳೆಯದೆಂದರು ಎಲ್ಲರೂ.

ಊಟ ಮುಗಿದು ಹೊರಡುವ ಮೊದಲು ಮಾಲೀಕರು ಪುರೋಹಿತರನ್ನು ಕಾರಿನ ಪಕ್ಕಕ್ಕೆ ಕರೆದುಕೊಂಡು ಹೋಗಿ ಮಾತಾಡಿದರು. ಮಾಲೀಕರ ಮಗಳಿಗೆ ಸಂಬಂಧ ಕೂಡಿ ಬರುತ್ತಿರಲಿಲ್ಲವೆಂದು ಆಗ ನನ್ನ ಕಿವಿಗೆ ಬಿತ್ತು. ಪುರೋಹಿತರು ಆ ಬಾಗಿಲ ಕಡೆ ಕೈ ತೋರಿಸಿ ಏನೋ ಹೇಳುತ್ತಿದ್ದರು. ನಾನು ನನ್ನ ಗಂಡನನ್ನು ಕಾರಿಗೆ ಹತ್ತಿಸುವುದರಲ್ಲಿದ್ದೆ. ಹೋಗುವಾಗ ಆ ಬಾಗಿಲಿನಿಂದಲೇ ಹೊರಗೆ ಬಂದಿದ್ದೆವು. ನನ್ನ ಗಂಡ ಅದರಲ್ಲಿ ನಡೆದದ್ದು ಅಂದು ಮಾತ್ರ.

ಆಷಾಢವನ್ನು ಜನ್ನಾಪುರದ ಮಹಡಿಯ ಮೇಲೆ ಕಳೆದೆವು. ಹೊರಗೆ ಜಡಿಮಳೆ, ಮೆಟ್ಟಿಲೆಲ್ಲ ಪಾಚಿ. ಯಾರೂ ಹೊತ್ತು ಇಳಿಸಲೂ ಧೈರ್ಯ ಮಾಡುತ್ತಿರಲಿಲ್ಲ. ನನ್ನ ಗಂಡ ಮಾತ್ರ ಆ ತಿಂಗಳು ಒಂದು ಹುಮ್ಮಸ್ಸಿನಲ್ಲಿದ್ದರು. ಹಾಲಿನ ಗೋಡೆಯುದ್ದಕ್ಕೂ ನಡೆಯುತ್ತ, "ಇದು ನಮ್ಮ ಬಾಗಿಲು... ಇದು ರಸ್ತೆ... ಇದು ಆ ಹುಡುಗಿಯ ಕ್ಲಿನಿಕ್ಕು" ಎಂದು ನನ್ನ ಹೊಲಿಗೆ ಯಂತ್ರವನ್ನೇ ಕ್ಲಿನಿಕ್ಕು ಮಾಡಿಕೊಂಡು ಮುಟ್ಟಿ ಬರುತ್ತಿದ್ದರು. "ಶ್ರಾವಣದಲ್ಲಿ ಒಬ್ನೇ ರಸ್ತೆ ದಾಟಿ ಹೋಗ್ತೀನಿ. ನೀನು ಬಾಗಿಲಲ್ಲಿ ನಿಂತು ನೋಡ್ತಿರು, ಸಾಕು" ಎನ್ನುತ್ತಿದ್ದರು. ಡಾಕ್ಟರು ಹೇಳಿದ ತಿಂಗಳುಗಳು ಕರಗುತ್ತಿರುವುದು ಇಬ್ಬರಿಗೂ ಗೊತ್ತಿತ್ತು.

ಶ್ರಾವಣದ ಮೊದಲ ಒಳ್ಳೆಯ ದಿನ ಲಾರಿ ಮುಂದೆ, ನಾವು ಕಾರಿನಲ್ಲಿ ಹಿಂದೆ ಹೊರಟೆವು. ಕಾರು ದಕ್ಷಿಣದ ರಸ್ತೆಗೆ ತಿರುಗಿತು. ಬಾಗಿಲಿದ್ದ ಜಾಗದಲ್ಲಿ ಗೋಡೆಯಿತ್ತು. ಸುತ್ತಲಿನ ಬಣ್ಣ ಹಳೆಯದು, ಬಾಗಿಲಿನ ಆಕಾರದಲ್ಲಿ ಮಾತ್ರ ಹೊಸ ಸಿಮೆಂಟಿನ ಬೂದು. ಬೇಗ ಒಣಗಿ ಬಿರಿಯದಿರಲೆಂದು ಮೇಲೆ ಒದ್ದೆ ಗೋಣಿಚೀಲ ಕಟ್ಟಿದ್ದರು.

ನನ್ನ ಗಂಡ ಬಹಳ ಹೊತ್ತು ನೋಡಿದರು. ಆಮೇಲೆ, "ನಾವು ಬೇರೆ ಮನೆಗೆ ಬಂದ್ವೇನೇ?" ಎಂದರು.

ಮಾಲೀಕರು ಮೇಲಿನಿಂದ ಇಳಿದು ಬಂದರು. ಮುಖದಲ್ಲಿ ತೃಪ್ತಿಯಿತ್ತು. "ಬನ್ನಿ ಬನ್ನಿ. ನೋಡಿದ್ರಾ, ನೀವು ಬರೋದ್ರೊಳಗೆ ಮುಗಿಸಿಬಿಟ್ಟೆ. ನಿಮ್ಮ ಪುರೋಹಿತರೇ ಹೇಳಿದ್ದು. ನೈಋತ್ಯದ ಬಾಗಿಲು ಯಜಮಾನನಿಗೆ ಆಗಿಬರಲ್ಲ ಅಂತ. ನಮ್ಮನೆ ಯಜಮಾನ ನಾನು, ನಿಮ್ಮನೆ ಯಜಮಾನ್ರು ಇವರು. ಇಬ್ರಿಗೂ ಒಳ್ಳೇದಾಯ್ತು."

"ನಾನು ಈ ಬಾಗಿಲಿಗೋಸ್ಕರ ಮನೆ ತಗೊಂಡಿದ್ದು ಅಂತ ನಿಮಗೆ ಹೇಳಿರ್ಲಿಲ್ವಾ?"

"ಹೇಳಿದ್ರಿ. ಆದ್ರೆ ಅಮ್ಮಾರೆ, ಹುಷಾರಿಲ್ದೋರು ಓಡಾಡೋ ಬಾಗಿಲು ಅದು ಅಂದ್ರೆ ಇನ್ನೂ ಮುಖ್ಯ ಅಲ್ವಾ?"

"ಒಂದು ಫೋನ್ ಮಾಡ್ಬಹುದಿತ್ತು."

"ಒಳ್ಳೆ ಕೆಲ್ಸಕ್ಕೆ ಏನು ಕೇಳೋದು ಅಂತ ಬಿಟ್ಟೆ."

ಆಷಾಢದಲ್ಲಿ ಹೊಸ ಕೆಲಸಕ್ಕೆ ಕೈಹಾಕಬಾರದೆನ್ನುವವರು ಬಾಗಿಲು ಮುಚ್ಚುವುದನ್ನು ಹೊಸ ಕೆಲಸವೆಂದು ಎಣಿಸಿರಲಿಲ್ಲ. ಅದನ್ನು ಅಲ್ಲಿಯೇ ಅವರ ಮುಖಕ್ಕೆ ಹೇಳಿದೆ. ಅವರು ವಿನಯದಿಂದಲೇ ನಕ್ಕರು. ಬ್ರೋಕರನಿಗೆ ಫೋನ್ ಮಾಡಿದೆ. "ಮುಂದಿನ ಬಾಗಿಲು ಇದೆಯಲ್ಲ ಅಮ್ಮ?" ಎಂದ. ಜನ್ನಾಪುರದ ಮನೆಗೆ ಆ ಹೊತ್ತಿಗೆ ಬೇರೆಯವರ ಸಾಮಾನು ಬಂದಿಳಿಯುತ್ತಿತ್ತು. ಹಿಂದಿರುಗುವುದಕ್ಕೆ ನಮಗೆ ಎಲ್ಲಿಯೂ ಮನೆಯಿರಲಿಲ್ಲ.

ಲಾರಿಯಲ್ಲಿ ಬಂದ ಹಮಾಲರು ನಮ್ಮ ಪ್ಲಾಸ್ಟಿಕ್ ಕುರ್ಚಿಯಲ್ಲಿ ನನ್ನ ಗಂಡನನ್ನು ಕೂರಿಸಿ ಗ್ರಾನೈಟು ಮೆಟ್ಟಿಲು ಹತ್ತಿಸಿದರು. ಅವರಲ್ಲಿ ಹಿರಿಯ, ಭದ್ರಾವತಿಯ ತಮಿಳರವನು, "ಐಯಾ, ಗಟ್ಟಿಯಾಗಿ ಹಿಡ್ಕೋ, ಅಲ್ಲಾಡ್ಬೇಡ" ಎಂದ.

"ನಿಧಾನಕ್ಕೆ ಎತ್ತು," ಎಂದರು ಇವರು ಕ್ರೇನಿನ ಕಾಲದ ದನಿಯಲ್ಲಿ, ಎಡಗೈ ಬೆರಳಿನಿಂದ ಸನ್ನೆ ಮಾಡುತ್ತ. "ಲೋಡ್ ತೂಗಾಡ್ಬಾರ್ದು. ಹಾಂ... ಹಾಂ... ಇಳ್ಸು." ಸಂಜೆ ಕಾಫಿ ಕೊಟ್ಟಾಗ, "ಬಲಗಾಲು ಮುಂದೆ ಇಟ್ನೋ ಇಲ್ವೋ, ಯಾರೂ ಕೇಳ್ಲೇ ಇಲ್ಲ ಈ ಸಲ" ಎಂದರು.

ಮರುದಿನದಿಂದ ನಾನು ಬಿಡಲಿಲ್ಲ. ಬಾಗಿಲನ್ನು ಮತ್ತೆ ತೆರೆಯಿರಿ ಎಂದು ಮಾಲೀಕರಿಗೆ ಹೇಳಿದೆ. ಮಗಳ ಮದುವೆ ನಿಶ್ಚಯವಾಗುವವರೆಗೆ ಆ ಮಾತೇ ಬೇಡವೆಂದರು. ಹಾಗಾದರೆ ಮುಂದಿನ ಮೆಟ್ಟಿಲಿಗೆ ಎರಡೂ ಬದಿ ಕಂಬಿ ಹಾಕಿಸಿಕೊಡಿ ಎಂದೆ. ಒಂದೇ ಬದಿಗಿದ್ದರೆ ಹತ್ತುವಾಗ ಎಡಗೈಗೆ ಸಿಗುವುದು ಇಳಿಯುವಾಗ ಬಲಗಡೆಗೆ ಹೋಗುತ್ತದೆ; ಬಲಗೈ ಹಿಡಿಯುವುದಿಲ್ಲ. ಇಷ್ಟನ್ನು ಬಿಡಿಸಿ ಹೇಳಿದ ಮೇಲೆ ಬಂದ ಉತ್ತರ: "ಅದು ಈಶಾನ್ಯ ಅಮ್ಮಾರೆ. ಈಶಾನ್ಯಕ್ಕೆ ಕಬ್ಬಿಣ ಹೂಳಬಾರ್ದು." ಇಳಿಜಾರು ಕಟ್ಟಿಸಿಕೊಡಿ ಎಂದೆ. ಎದುರಿನ ಕೇಂದ್ರದ ಹುಡುಗಿ ಬಂದು ನೋಡಿ, ಒಂದಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದವಾದರೂ ಬೇಕು, ಕಾಂಪೌಂಡಿನ ಗುಂಟ ತಿರುಗಿಸಿ ತಂದರೆ ಜಾಗ ಸಾಲುತ್ತದೆ ಎಂದಿದ್ದಳು. ಖರ್ಚನ್ನು ನಾವೇ ಹಾಕುತ್ತೇವೆಂದೆ. "ಈಶಾನ್ಯಕ್ಕೆ ಭಾರ ಬರುತ್ತೆ" ಎಂದರು. ಈಶಾನ್ಯ ಹಗುರವಾಗಿರಬೇಕಂತೆ. ನನ್ನ ಗಂಡನ ಭಾರ ಯಾವ ದಿಕ್ಕಿಗೆ ಸೇರಬೇಕೆಂದು ಅವರು ಹೇಳಲಿಲ್ಲ.

ಪುರೋಹಿತರಿಗೂ ಫೋನ್ ಮಾಡಿದೆ. ಅವರಿಗೆ ನಿಜಕ್ಕೂ ಬೇಸರವಾಯಿತು. "ತಾಯಿ, ಅವರು ಕೇಳಿದ್ರು, ಶಾಸ್ತ್ರದಲ್ಲಿ ಇರೋದನ್ನ ಹೇಳ್ದೆ. ಮುಚ್ಚಿ ಅಂತ ನಾನು ಹೇಳ್ಲಿಲ್ಲ, ಒಳ್ಳೇದಲ್ಲ ಅಂದೆ ಅಷ್ಟೇ" ಎಂದರು.

"ಅವರು ಅದರಲ್ಲೇ ನಡೆದು ಬಂದದ್ದನ್ನ ನೀವೇ ನೋಡಿದ್ರಲ್ಲ. ಬೇರೆ ದಾರಿ ಇಲ್ಲ ಅಂತಲೂ ಒಂದು ಮಾತು ಹೇಳ್ಬಹುದಿತ್ತು."

ಅದಕ್ಕೆ ಅವರು, "ಒಂದು ಶಾಂತಿ ಮಾಡಿಸೋಣ" ಎಂದರು.

ಈಗ ಭಾದ್ರಪದ ನಡೆಯುತ್ತಿದೆ. ಎದುರಿನ ಕೇಂದ್ರದ ಹುಡುಗಿ ಬಿಡುವಾದಾಗ ಮನೆಗೆ ಬಂದು ವ್ಯಾಯಾಮ ಮಾಡಿಸುತ್ತಾಳೆ. ಆದರೆ ಹಿಡಿದು ನಡೆಯುವ ಜೋಡಿಕಂಬಿಗಳು, ಕಾಲಿಗೆ ಹಾಕುವ ಯಂತ್ರ ಎಲ್ಲ ಅಲ್ಲಿವೆ. ಅವನ್ನು ಹೊತ್ತು ತರಲಾಗದು. "ಅಂಕಲ್ ಅಲ್ಲಿಗೇ ಬಂದ್ರೆ ಬೇಗ ಆಗುತ್ತೆ ಆಂಟಿ" ಎಂದು ಅವಳು ಪ್ರತಿ ಸಲ ಹೇಳುತ್ತಾಳೆ. ಹೇಳಿದ ಮೇಲೆ ಅವಳಿಗೇ ಮುಜುಗರವಾಗುತ್ತದೆ. ನನ್ನ ಗಂಡ ಹಾಲಿನ ದಕ್ಷಿಣದ ಕಿಟಕಿಗೆ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಅಲ್ಲಿಂದ ಕೇಂದ್ರದ ಬಾಗಿಲು ನೇರಕ್ಕೆ ಕಾಣುತ್ತದೆ. ಒಳಗೆ ಹೋಗುವವರನ್ನು, ಹೊರಗೆ ಬರುವವರನ್ನು ನೋಡಿ, "ಆ ಹಸಿರು ಸ್ವೆಟರಿನವನು ಹೋದ ವಾರ ಕಾಲು ಎಳೀತಿದ್ದ. ಇವತ್ತು ಎತ್ತಿ ಇಡ್ತಿದ್ದಾನೆ ನೋಡು" ಎನ್ನುತ್ತಾರೆ. ಹೊಟ್ಟೆಕಿಚ್ಚಿಲ್ಲ ಆ ದನಿಯಲ್ಲಿ. ಇದ್ದಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ. ಗೋಡೆಯ ಗುಂಟ ನಡೆಯುವುದನ್ನು ಅವರು ಬಿಟ್ಟಿದ್ದಾರೆ. ಹೊಲಿಗೆ ಯಂತ್ರ ಮೂಲೆಯಲ್ಲಿ ಮುಸುಕು ಹಾಕಿಕೊಂಡಿದೆ.

ಬೇರೆ ಮನೆ ನೋಡಬೇಕೆಂದು ಗೊತ್ತು. ಮತ್ತೆ ಬ್ರೋಕರ್, ಮತ್ತೆ ಮೆಟ್ಟಿಲು, ಮತ್ತೆ "ಯಜಮಾನ್ರಿಗೆ ಹುಷಾರಿಲ್ವಾ?" ನನ್ನ ಮಂಡಿಗಳೂ ಈಗ ಮಾತಾಡಲು ಶುರುಮಾಡಿವೆ. ಅದಕ್ಕೂ ಮೊದಲು ಬರುವ ಸೋಮವಾರ ಆಸ್ಪತ್ರೆಯಲ್ಲಿ ಅವರನ್ನು ಡಾಕ್ಟರಿಗೆ ತೋರಿಸಬೇಕು. ಎಷ್ಟು ನಡೆಸಿದ್ದೀರಿ ಎಂದು ಅವರು ಕೇಳುತ್ತಾರೆ. ಅದಕ್ಕೆ ಉತ್ತರ ನಾನು ಕೊಡುತ್ತೇನೆ. ಆಟೋದವನನ್ನೂ ನಾನೇ ಕರೆಯುತ್ತೇನೆ. ಅವನು ಸೊಂಟನೋವಿನವನು, ಎತ್ತಲಾರೆನೆಂದು ಮೊದಲೇ ಹೇಳಿದ್ದಾನೆ.

ಆದ್ದರಿಂದ ಮನೆಯ ಮಾಲೀಕರೇ, ಪುರೋಹಿತರೇ, ಎಲ್ಲದಕ್ಕೂ "ಇದೆ ಅಮ್ಮ" ಎಂದ ಬ್ರೋಕರಪ್ಪನವರೇ, ನನ್ನ ಗಂಡ ಕೂರುವ ಆ ಪ್ಲಾಸ್ಟಿಕ್ ಕುರ್ಚಿಗೆ ನಾಲ್ಕು ಕಾಲುಗಳಿವೆ. ಗ್ರಾನೈಟು ಮೆಟ್ಟಿಲಿನ ಮೇಲೆ ಮಳೆನೀರು ನಿಂತಿರುತ್ತದೆ, ಜಾರುತ್ತದೆ. ಒಂದು ಕಾಲನ್ನು ನಾನು ಹಿಡಿಯುತ್ತೇನೆ. ಉಳಿದ ಮೂರನ್ನು ಹಿಡಿಯಲು ಸೋಮವಾರ ಬೆಳಿಗ್ಗೆ ನಿಮ್ಮಲ್ಲಿ ಯಾರು ಯಾರು ಬರುತ್ತೀರಿ?